ಅಂಚಿನಲ್ಲಿ ಇಣುಕಿದ ಮೊಣಕೈ

ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರವೊಂದಿತ್ತು. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಅಲ್ಲಿ ತೆಗೆದ ತಾಯಿ-ಮಕ್ಕಳ ಚಿತ್ರ ‘ಮೈಗ್ರೆಂಟ್ ಮದರ್’ ಜಗತ್ತಿಗೇ ಪರಿಚಿತ. ಅದರ ಬಲ ಕೆಳಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಹೆಬ್ಬೆರಳೊಂದು ಇಣುಕಿತ್ತು. ಅದು ಲ್ಯಾಂಗ್ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಕೆಲವು ವರ್ಷಗಳ ನಂತರ ಅದನ್ನು ನೆಗೆಟಿವ್ ಮೇಲೆಯೇ ತಿದ್ದಿ ಅಳಿಸಲಾಯಿತು. ಆ ಸರ್ಕಾರಿ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ಅವರಿಗೆ ಈ ತಿದ್ದುಪಡಿ ಹಿಡಿಸಲಿಲ್ಲ. ತಿದ್ದಿದ ಪ್ರತಿಯನ್ನು ದಿಟ್ಟಿಸಿ ನೋಡಿದರೆ ಬೆರಳಿನ ಮಸುಕು ಗುರುತು ಇವತ್ತಿಗೂ ಸಿಗುತ್ತದೆ.

ಅಳಿಸುವುದರ ತೊಡಕೇ ಇದು. ಕೈ ತೆಗೆದ ಜಾಗದಲ್ಲಿ ಕ್ಯಾಮೆರಾ ಕಾಣದೇ ಇದ್ದದ್ದನ್ನು ಏನಾದರೂ ತುಂಬಬೇಕು. ಅಂಚನ್ನೇ ಕತ್ತರಿಸಿದರೆ, ಅಂದರೆ ಕ್ರಾಪ್ ಮಾಡಿದರೆ, ಹೊಸದಾಗಿ ಏನೂ ಸೇರುವುದಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯೂ ತನ್ನ ಛಾಯಾಗ್ರಾಹಕರಿಗೆ ಕ್ರಾಪ್ ಮಾಡಲು ಬಿಡುತ್ತದೆ, ಚಿತ್ರದೊಳಗಿನ ವಸ್ತುವನ್ನು ಅಳಿಸಲು ಬಿಡುವುದಿಲ್ಲ.

ನಮ್ಮ ಮದುವೆಮನೆಯನ್ನೇ ತೆಗೆದುಕೊಳ್ಳಿ. ಧಾರೆಯ ಹೊತ್ತಿಗೆ ಸುತ್ತ ನಿಂತವರೆಲ್ಲ ಮೊಬೈಲ್ ಎತ್ತುತ್ತಾರೆ, ಎಡ ಅಂಚಿನಿಂದ ಯಾರದೋ ಮೊಣಕೈ ಒಳಗೆ ಬರುತ್ತದೆ. ಹಲವು ಸಾಧಾರಣ ದರ್ಜೆಯ ಡಿಎಸ್‌ಎಲ್‌ಆರ್‌ಗಳ ವ್ಯೂಫೈಂಡರ್ ಚಿತ್ರದ ಸುಮಾರು ಶೇಕಡಾ 95ರಷ್ಟು ಭಾಗವನ್ನು ಮಾತ್ರ ತೋರಿಸುವುದರಿಂದ, ಕ್ಲಿಕ್ ಮಾಡುವಾಗ ಅದು ಕಣ್ಣಿಗೇ ಬಿದ್ದಿರುವುದಿಲ್ಲ. ಮೊಣಕೈ ಹಿಂದೆ ರೇಷ್ಮೆ ಸೀರೆಯ ಜರಿ ಅಂಚಿದ್ದರಂತೂ ಅಳಿಸಲು ಹೋದಾಗ ಒಂದೇ ಹೂಬಳ್ಳಿ ಎರಡೆರಡು ಸಲ ಮೂಡಿ ಗುಟ್ಟು ರಟ್ಟಾಗುತ್ತದೆ.

ಚಿತ್ರ 6000 ಪಿಕ್ಸೆಲ್ ಅಗಲ, 4000 ಎತ್ತರ ಇದೆ ಎನ್ನೋಣ. ಮೊಣಕೈ 400 ಪಿಕ್ಸೆಲ್‌ನಷ್ಟು ಒಳಗೆ ಚಾಚಿದೆ. ಸರಿಯಾಗಿ 400ಕ್ಕೇ ಕತ್ತರಿಸಿದರೆ ಅದರ ನೆರಳೋ ತೋಳಿನ ಬಣ್ಣದ ಗೆರೆಯೋ ಉಳಿದುಬಿಡುತ್ತದೆ. ಆದ್ದರಿಂದ 480 ತೆಗೆಯುವುದು ಕ್ಷೇಮ. ಉಳಿಯುವ ಅಗಲ 5520. ಮೊದಲಿನ 3:2 ಅಳತೆ ಕೆಡದಿರಲು ಎತ್ತರ 3680ಕ್ಕೆ ಇಳಿಯಬೇಕು. ಆ 320 ಪಿಕ್ಸೆಲ್ ಅನ್ನು ಮೇಲಿನ ಮಂಟಪದ ಖಾಲಿ ಜಾಗದಿಂದ ಕಳೆದರೆ ವಧೂವರರಿಗೆ ಧಕ್ಕೆಯಿಲ್ಲ. ಆಲ್ಬಮ್ಮಿನ 12x18 ಇಂಚಿನ ಹಾಳೆಗೆ, ಇಂಚಿಗೆ 300 ಪಿಕ್ಸೆಲ್‌ನಂತೆ ಬೇಕಾಗುವುದು 3600x5400. ಇಷ್ಟೆಲ್ಲ ಕತ್ತರಿಸಿದ ಮೇಲೂ ಅದಕ್ಕಿಂತ ತುಸು ಹೆಚ್ಚೇ ಉಳಿದಿರುತ್ತದೆ.

ಹೊಸ ಅಂಚು ಎಲ್ಲಿ ಬೀಳುತ್ತದೆ ಎಂಬುದರ ಮೇಲೂ ಕಣ್ಣಿರಬೇಕು. ಪಕ್ಕದಲ್ಲಿ ನಿಂತ ಸೋದರಮಾವನ ಮಣಿಕಟ್ಟಿಗೋ ಬೆರಳಿಗೋ ಸರಿಯಾಗಿ ಗೆರೆ ಬಿದ್ದರೆ ಕೈ ತುಂಡಾದಂತೆ ಕಾಣುತ್ತದೆ. ಗೆರೆ ತೋಳಿನ ನಡುವೆ ಹಾದುಹೋದರೆ ಅಷ್ಟು ಎದ್ದು ಕಾಣದು. ಕತ್ತರಿಸಿದ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನಾಲ್ಕೂ ಅಂಚುಗಳನ್ನು ಒಂದು ಸುತ್ತು ನೋಡಬೇಕು. ಮೂಲ ಪ್ರತಿಯನ್ನು ಹಾಗೇ ಇಟ್ಟುಕೊಳ್ಳಬೇಕು.

ಮೊಣಕೈ ವಧುವಿನ ಕೈಗೇ ಅಡ್ಡ ಬಂದಿದ್ದರೆ ಕ್ರಾಪ್ ಕೆಲಸಕ್ಕೆ ಬಾರದು. ಆಗ ಅದೇ ಗಳಿಗೆಯಲ್ಲಿ ಸರಸರನೆ ಹೊಡೆದ ಹಿಂದುಮುಂದಿನ ಫೋಟೊಗಳಲ್ಲಿ, ಆ ಕೈ ಇನ್ನೂ ಮೇಲೆದ್ದಿರದ ಒಂದನ್ನು ಹುಡುಕುವುದು ಲೇಸು.