ಮುಸುಕು ಹಾಕಿಕೊಂಡವರೂ ಬಾಯಿ ಮುಚ್ಚುತ್ತಾರೆಯೇ?

ಐದು ತಾಸಿನ ರೈಲು ಪ್ರಯಾಣ. ಎದುರು ಸೀಟಿನವರು, ಮಕ್ಕಳಿಗೆ ಹೊಡೆಯುವುದೇ ತಪ್ಪು ಎಂದು ವಾದಿಸುತ್ತಿದ್ದಾರೆ. ನೀವು ಮಾತಿಗಿಳಿಯುತ್ತೀರೋ, ಸುಮ್ಮನಿರುತ್ತೀರೋ? ಜರ್ಮನಿಯ ಸಮೀಕ್ಷಾ ತಜ್ಞೆ ಎಲಿಜಬೆತ್ ನೊಯೆಲ್-ನೊಯ್ಮನ್ ಜನರ ಮುಂದಿಡುತ್ತಿದ್ದ ಪ್ರಶ್ನೆ ಇದು. ತಮ್ಮ ಕಡೆ ಜನ ಕಡಿಮೆ ಎನಿಸಿದವರು ಒಂಟಿಯಾಗುವ ಭಯಕ್ಕೆ ಬಾಯಿ ಮುಚ್ಚುತ್ತಾರೆ, ಅವರು ಮುಚ್ಚಿದಷ್ಟೂ ಎದುರು ಕಡೆಯ ದನಿ ದೊಡ್ಡದಾಗಿ ಕೇಳುತ್ತದೆ, ಆಗ ಇನ್ನಷ್ಟು ಜನ ಮೌನಕ್ಕೆ ಜಾರುತ್ತಾರೆ ಎಂಬುದು 1974ರಲ್ಲಿ ಆಕೆ ಮಂಡಿಸಿದ ‘ಮೌನದ ಸುರುಳಿ’ ಸಿದ್ಧಾಂತ.

ಹೆಸರೇ ಕಾಣದ ಆನ್‌ಲೈನ್ ಕಮೆಂಟುಗಳಲ್ಲಿ ಯಾರು ಯಾರನ್ನು ದೂರವಿಟ್ಟಾರು? ಅಲ್ಲಿ ಸುರುಳಿ ಬಿಚ್ಚಿಕೊಳ್ಳಬೇಕಲ್ಲವೇ?

ಇದನ್ನು ಪರೀಕ್ಷಿಸಲು ಕಮೆಂಟು ಎಣಿಸಿದರೆ ಸಾಲದು. ಸುಮ್ಮನಿದ್ದವರು ಯಾವ ಗುರುತನ್ನೂ ಬಿಟ್ಟುಹೋಗುವುದಿಲ್ಲ. ಅವರು ಹೆದರಿದರೋ, ಸುದ್ದಿಯನ್ನೇ ಓದಲಿಲ್ಲವೋ, ಬರೆದದ್ದನ್ನು ಯಾರಾದರೂ ಅಳಿಸಿದರೋ ಗೊತ್ತಾಗದು. ‘ನೀವಾದರೆ ಬರೆಯುತ್ತಿದ್ದಿರಾ?’ ಎಂದು ಕೇಳುವುದೂ ಅರೆಬರೆ ದಾರಿಯೇ. ಹೂಂ ಎಂದವರೆಲ್ಲ ಬರೆಯುವುದಿಲ್ಲ.

ಆದ್ದರಿಂದ ಜನರ ಅಭಿಪ್ರಾಯವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಮರಣದಂಡನೆ ಬೇಕೇ ಬೇಡವೇ ಎಂಬ ಪ್ರಶ್ನೆಯೆನ್ನಿ. ಕೆಲವು ವಾರ ಬಿಟ್ಟು ಅದೇ ಜನರಿಗೆ ಒಂದು ಸುದ್ದಿ ಕೊಡಬೇಕು. ಕೆಳಗೆ ಸಂಶೋಧಕರೇ ಬರೆದಿಟ್ಟ 10 ಕಮೆಂಟುಗಳು: ಚೀಟಿ ಎತ್ತಿ ಆರಿಸಿದ ಅರ್ಧ ಜನರಿಗೆ 8 ಪರ, 2 ವಿರೋಧ, ಉಳಿದವರಿಗೆ ತಿರುಗುಮುರುಗು. ಎರಡೂ ಗುಂಪಿನಲ್ಲಿ ಅರ್ಧದಷ್ಟು ಜನ ನಿಜ ಹೆಸರಿನಲ್ಲಿ, ಇನ್ನರ್ಧ ಅನಾಮಿಕರಾಗಿ ಬರೆಯಬಹುದು. ಕೊನೆಗೆ, ನಿಜಕ್ಕೂ ಬರೆದವರೆಷ್ಟು ಎಂಬ ಲೆಕ್ಕ.

ಎಡವುವುದು ಈ ಲೆಕ್ಕದಲ್ಲೇ. ಹೆಸರು ಹಾಕಬೇಕಾದಾಗ ಬಹುಮತದ ಕಡೆಯ ನೂರರಲ್ಲಿ 20 ಮಂದಿ, ಅಲ್ಪಮತದ ನೂರರಲ್ಲಿ 12 ಮಂದಿ ಬರೆದರು ಎಂದುಕೊಳ್ಳೋಣ. ಅಂತರ 8. ಅನಾಮಿಕರಲ್ಲಿ ಅದು 30 ಮತ್ತು 22 ಆದರೆ? ಮಾತು ಹೆಚ್ಚಾಯಿತು, ಅಂತರ ಮಾತ್ರ ಹಾಗೇ ಉಳಿಯಿತು, ಸುರುಳಿ ಸಡಿಲಗೊಂಡಿಲ್ಲ. 30 ಮತ್ತು 29 ಬಂದಿದ್ದರೆ ಸಡಿಲಗೊಂಡಿತು ಎನ್ನಬಹುದಿತ್ತು. ಕಮೆಂಟುಗಳ ಸಂಖ್ಯೆ ಏರಿದ್ದನ್ನೇ ಧೈರ್ಯವೆಂದು ಓದುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಸಿಎನ್‌ಎನ್ ಸೇರಿ ನಾಲ್ಕು ಜಾಲತಾಣಗಳ ಕಮೆಂಟುಗಳನ್ನು ಜಾಲಾಡಿದ 2014ರ ಒಂದು ಅಧ್ಯಯನ ಸಿದ್ಧಾಂತಕ್ಕೆ ಉಲ್ಟಾ ಹೊಡೆದಂತೆ ಕಾಣುತ್ತದೆ. ಓದುಗರಿಂದ ತಿರಸ್ಕಾರದ ವೋಟು ತಿಂದವರು ಆಮೇಲೆ ಇನ್ನೂ ಹೆಚ್ಚು ಬರೆದರು, ಕೆಟ್ಟದಾಗಿಯೂ ಬರೆದರು. ಆದರೆ ಇವರು ಆಗಲೇ ಬಾಯಿ ತೆರೆದಿದ್ದವರು. ಒಮ್ಮೆಯೂ ತೆರೆಯದವರ ಬಗ್ಗೆ ಇದರಿಂದ ಏನೂ ತಿಳಿಯದು.

ಯೋರ್ಗ್ ಮ್ಯಾಥೆಸ್ ಮತ್ತು ಸಂಗಡಿಗರು 66 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸುರುಳಿ ಇದೆ, ಆದರೆ ದುರ್ಬಲ. ಆನ್‌ಲೈನ್, ಆಫ್‌ಲೈನ್ ಎಂಬ ಭೇದವೂ ಅಲ್ಲಿ ಸಿಗಲಿಲ್ಲ. ಅದು ಬಿಗಿಯಾಗಿ ಕಂಡದ್ದು ಮನೆಯವರು, ಗೆಳೆಯರು ಮತ್ತು ನೆರೆಹೊರೆಯವರ ಎದುರಿನ ಮಾತಿನಲ್ಲಿ.