ಆಟವಾಡಿ ಕಲಿತರು, ಯಾವುದಕ್ಕೆ ಹೋಲಿಸಿದರೆ?

ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ಕೊಡುವ ಒಂದು ಅಸೈನ್‌ಮೆಂಟು ನೋಡಲು ಬಹಳ ಸಲೀಸು. ಎಳೆಯ ಮಕ್ಕಳು ಆಟದ ಮೂಲಕ ಕಲಿಯುವುದರ ಬಗ್ಗೆ ಎಂಟೋ ಹತ್ತೋ ಬರಹಗಳನ್ನು ಹುಡುಕಿ ಓದಬೇಕು. ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆ ಇಷ್ಟನ್ನು ಅಕಾರಾದಿಯಾಗಿ ಜೋಡಿಸಬೇಕು. ಒಂದೊಂದರ ಕೆಳಗೂ ನೂರಿನ್ನೂರು ಪದಗಳಲ್ಲಿ ಅದರಲ್ಲಿ ಏನಿದೆ, ಅದನ್ನು ಎಷ್ಟು ನಂಬಬಹುದು, ತರಗತಿಯಲ್ಲಿ ಯಾವುದಕ್ಕೆ ಬರುತ್ತದೆ ಎಂದು ಬರೆಯಬೇಕು. ಟಿಪ್ಪಣಿಸಹಿತ ಗ್ರಂಥಸೂಚಿ ಎನ್ನುತ್ತಾರೆ ಇದನ್ನು.

ಬರೆದು ತಂದದ್ದನ್ನು ಸಾಲಾಗಿ ಓದಿದರೆ ಸಾಮಾನ್ಯವಾಗಿ ಹತ್ತೂ ಟಿಪ್ಪಣಿಗಳು ಒಂದೇ ಮಾತು ಹೇಳುತ್ತಿರುತ್ತವೆ: ಆಟದಿಂದ ಮಗುವಿನ ಸರ್ವಾಂಗೀಣ ಬೆಳವಣಿಗೆಯಾಗುತ್ತದೆ. ಇಷ್ಟು ಹೇಳಲು ಹತ್ತು ಲೇಖನ ಓದಬೇಕಾಗಿರಲಿಲ್ಲ. ಲೇಖನದ ಆರಂಭದಲ್ಲಿರುವ ಸಾರಾಂಶವನ್ನಷ್ಟೇ ಓದಿ ಬರೆದಾಗ ಹೀಗಾಗುತ್ತದೆ. ಈ ಕ್ಷೇತ್ರದಲ್ಲಿ ಅದರಿಂದ ಆಗುವ ನಷ್ಟ ಹೆಚ್ಚು. ಏಕೆಂದರೆ ಒಂದು ಅಧ್ಯಯನದಲ್ಲಿ ಆಟ ಎಂದರೆ ಮಗು ತನ್ನ ಪಾಡಿಗೆ ಮಣ್ಣಿನಲ್ಲಿ ಆಡುವುದು, ಇನ್ನೊಂದರಲ್ಲಿ ದೊಡ್ಡವರು ಗುರಿ ಇಟ್ಟುಕೊಂಡು ಆಡಿಸುವುದು, ಮತ್ತೊಂದರಲ್ಲಿ ನಿಯಮ ಹಾಕಿ ಕೊಟ್ಟ ಕಾರ್ಡುಗಳ ಪಂದ್ಯ. ಆದ್ದರಿಂದ ಟಿಪ್ಪಣಿ ಬರೆಯುವವರು ಯಾವ ಲೇಖನ ಕೈಗೆ ಬಂದರೂ ಎರಡು ಪ್ರಶ್ನೆ ಕೇಳಲೇಬೇಕು. ಆಟದ ಹಗ್ಗ ಯಾರ ಕೈಯಲ್ಲಿತ್ತು? ಆಡಿದ ಮಕ್ಕಳನ್ನು ಯಾರ ಜೊತೆ ಹೋಲಿಸಿ ನೋಡಿದರು?

2013ರಲ್ಲಿ ‘ಚೈಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನದಲ್ಲಿ ಈ ಎರಡಕ್ಕೂ ಸ್ಪಷ್ಟ ಉತ್ತರವಿದೆ. ಕೆಲ್ಲಿ ಫಿಶರ್, ಕ್ಯಾಥಿ ಹರ್ಶ್-ಪಾಸೆಕ್ ಮತ್ತವರ ಸಂಗಡಿಗರು ಅಮೆರಿಕದಲ್ಲಿ ನಾಲ್ಕೈದು ವರ್ಷದ 70 ಮಕ್ಕಳಿಗೆ ತ್ರಿಭುಜ, ಆಯತ, ಪಂಚಭುಜ, ಷಡ್ಭುಜಗಳನ್ನು ಕಲಿಸಿದರು. ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನ ಮಗು ದೊಡ್ಡವರ ಜೊತೆ ಸೇರಿ ಪತ್ತೇದಾರನಾಗುತ್ತದೆ. ಆಕಾರಗಳ ಗುಟ್ಟೇನು ಎಂದು ಬೆರಳಿನಿಂದ ಬದಿಗಳನ್ನು ಸವರಿ, ಎಣಿಸಿ ತಾನೇ ಕಂಡುಹಿಡಿಯಬೇಕು. ದೊಡ್ಡವರು ಪ್ರಶ್ನೆ ಕೇಳಿ ದಾರಿ ತೋರಿಸುತ್ತಾರೆ. ಎರಡನೆಯ ಗುಂಪಿನಲ್ಲಿ ಅದೇ ಆಕಾರ, ಅದೇ ಮಾಹಿತಿ, ಆದರೆ ಗುಟ್ಟು ಬಿಡಿಸುವುದು ದೊಡ್ಡವರೇ; ಮಗು ಕೂತು ನೋಡುತ್ತದೆ, ಕೇಳುತ್ತದೆ. ಮೂರನೆಯ ಗುಂಪಿಗೆ ಅವೇ ಸಾಮಾನು ಕೊಟ್ಟು ಇಷ್ಟ ಬಂದಂತೆ ಆಡಲು ಬಿಟ್ಟರು.

ಆಮೇಲೆ ನಿಜವಾದ ಆಕಾರ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸಲು ಹೇಳಿದರು. ಪರೀಕ್ಷೆಯ ಮರ್ಮವಿದ್ದದ್ದು ವಾರೆಯಾಗಿ ನಿಂತ, ತೆಳ್ಳಗೆ ಉದ್ದವಾದ ತ್ರಿಭುಜದಂಥವುಗಳಲ್ಲಿ. ದೊಡ್ಡವರ ಜೊತೆಗೂಡಿ ಹುಡುಕಿದ ಮಕ್ಕಳು ಉಳಿದೆರಡೂ ಗುಂಪಿಗಿಂತ ಚೆನ್ನಾಗಿ ಗುರುತಿಸಿದರು, ಒಂದು ವಾರ ಬಿಟ್ಟು ಕೇಳಿದಾಗಲೂ ಆ ವ್ಯತ್ಯಾಸ ಉಳಿದಿತ್ತು.

ಇದಕ್ಕೆ ‘ಪಾಠಕ್ಕಿಂತ ಆಟ ಮೇಲು ಎಂದು ತೋರಿಸಿದ ಅಧ್ಯಯನ’ ಎಂದು ಟಿಪ್ಪಣಿ ಬರೆದರೆ ಅರ್ಧ ಸುಳ್ಳಾಗುತ್ತದೆ. ಇಷ್ಟ ಬಂದಂತೆ ಆಡಿದ ಗುಂಪೂ ಹಿಂದೆ ಬಿದ್ದಿದೆಯಲ್ಲ! ಇಲ್ಲಿ ಗೆದ್ದದ್ದು ದೊಡ್ಡವರು ಗುರಿ ಇಟ್ಟು, ಹುಡುಕುವ ಕೆಲಸ ಮಗುವಿಗೆ ಬಿಟ್ಟುಕೊಟ್ಟ ಆಟ. ಇದನ್ನೇ ಈ ಕ್ಷೇತ್ರದವರು ಮಾರ್ಗದರ್ಶಿತ ಆಟ ಎನ್ನುತ್ತಾರೆ. ಜೊತೆಗೆ ಟಿಪ್ಪಣಿಯಲ್ಲಿ ಮಿತಿಗಳೂ ಬರಬೇಕು. ಒಂದು ಮಗುವಿಗೆ ಒಬ್ಬ ದೊಡ್ಡವರು ಕೂತಿದ್ದರು, ಕಲಿಸಿದ್ದು ಸ್ವಲ್ಪ ಹೊತ್ತು, ನೋಡಿದ್ದು ಆಕಾರದ ಜ್ಞಾನವೊಂದನ್ನೇ. ಅಕ್ಷರ ಕಲಿಕೆಯ ಬಗ್ಗೆ, ಸ್ನೇಹದ ಬಗ್ಗೆ, ಭಾಷೆಯ ಬಗ್ಗೆ ಈ ಲೇಖನ ಏನನ್ನೂ ಹೇಳುವುದಿಲ್ಲ.

ನಮ್ಮ ದೇಶದ್ದೇ ಆದ, ನನ್ನ ಪಟ್ಟಿಯಲ್ಲಿ ಮೊದಲು ಓದಿ ಎಂದು ಹೇಳುವ ಅಧ್ಯಯನ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೋಯಿರಾ ಡಿಲನ್, ಹರಿಣಿ ಕಣ್ಣನ್, ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮುಂತಾದವರ ಕೆಲಸ ಇದು. ಡುಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ದೆಹಲಿಯಲ್ಲಿ ‘ಪ್ರಥಮ್’ ಸಂಸ್ಥೆಯ ಜೊತೆಗೂಡಿ 214 ಬಾಲವಾಡಿಗಳ 1540 ಮಕ್ಕಳನ್ನು ಅವರು ಅಧ್ಯಯನಕ್ಕೆ ತೆಗೆದುಕೊಂಡರು. ಯಾವ ಬಾಲವಾಡಿಗೆ ಏನು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಕೆಲವು ಕಡೆ ನಾಲ್ಕು ತಿಂಗಳು ಗಣಿತದ ಆಟ: ಚುಕ್ಕೆಗಳ ರಾಶಿ ನೋಡಿ ಎಣಿಸದೆಯೇ ಯಾವುದು ಹೆಚ್ಚು ಎಂದು ಹೇಳುವುದು, ಆಕಾರಗಳ ಸಾಲಿನಲ್ಲಿ ಬೇರೆಯಾಗಿರುವುದನ್ನು ಹೆಕ್ಕುವುದು, ಹೀಗೆ. ಇನ್ನು ಕೆಲವು ಕಡೆ ಅದೇ ರೀತಿಯ ಆಟ, ಆದರೆ ಮುಖದ ಭಾವ, ನೋಟದ ದಿಕ್ಕು ಗುರುತಿಸುವಂಥದ್ದು. ಉಳಿದ ಕಡೆ ಎಂದಿನ ಬಾಲವಾಡಿ ಅಷ್ಟೇ.

ನಡುವಿನ ಆ ಎರಡನೇ ಗುಂಪು ಏಕೆ ಬೇಕಿತ್ತು ಎಂದು ಅರ್ಥವಾದವರಿಗೆ ಅರ್ಧ ಸಂಶೋಧನಾ ವಿಧಾನವೇ ಅರ್ಥವಾದಂತೆ. ಹೊಸ ಕಾರ್ಡು, ಹೊಸ ಅಕ್ಕ, ದಿನವೂ ಸಿಗುವ ಗಮನ, ಇಷ್ಟೇ ಸಿಕ್ಕಿದರೂ ಮಕ್ಕಳು ಚುರುಕಾಗಬಹುದು. ಆ ಲಾಭ ಮುಖಭಾವದ ಆಟ ಆಡಿದವರಿಗೂ ಸಿಕ್ಕಿದೆ. ಅವರಿಗಿಂತಲೂ ಗಣಿತದ ಆಟ ಆಡಿದವರು ಮುಂದಿದ್ದರೆ ಆಗ ಮಾತ್ರ ಅದು ಗಣಿತದ್ದೇ ಫಲ.

ಫಲಿತಾಂಶ ಎರಡು ಹೋಳಾಗಿ ಬಂತು. ಆಟದಲ್ಲಿ ಪಳಗಿಸಿದ ಸಾಮರ್ಥ್ಯಗಳು, ಅಂದರೆ ಕಣ್ಣಳತೆಯಲ್ಲಿ ಹೆಚ್ಚು ಕಡಿಮೆ ಹೇಳುವುದು, ಆಕಾರದ ಅಂದಾಜು, ಚೆನ್ನಾಗಿ ಬೆಳೆದವು ಮತ್ತು ಬಹಳ ಕಾಲ ಉಳಿದವು. ಅಂಕಿ, ಸಂಖ್ಯೆಯ ಹೆಸರುಗಳಂಥ ಶಾಲೆಯ ಗಣಿತದಲ್ಲಿ ಆಟ ಮುಗಿದ ಕೂಡಲೇ ಒಂದಿಷ್ಟು ಲಾಭ ಕಂಡಿತು. ಆದರೆ ಮಕ್ಕಳು ಮುಂದೆ ಶಾಲೆಗೆ ಹೋದ ಮೇಲೆ ಅಲ್ಲಿನ ಗಣಿತ ಕಲಿಯುವುದರಲ್ಲಿ ಅವರು ಉಳಿದವರಿಗಿಂತ ಮುಂದೆ ಹೋಗಲಿಲ್ಲ.

ಈ ಅಧ್ಯಯನದ ಮೇಲೆ ಬರುವ ಮೊದಲ ಕರಡು ಟಿಪ್ಪಣಿ ಹೆಚ್ಚುಕಡಿಮೆ ಹೀಗಿರುತ್ತದೆ: ‘ಆಟದ ಮೂಲಕ ಗಣಿತ ಕಲಿಸಿದರೆ ಮಕ್ಕಳಲ್ಲಿ ಗಣನೀಯ ಸುಧಾರಣೆಯಾಗುತ್ತದೆ ಎಂಬುದನ್ನು ಈ ಲೇಖನ ಸಾಬೀತುಪಡಿಸುತ್ತದೆ. ಶಿಕ್ಷಕರಿಗೆ ತುಂಬಾ ಉಪಯುಕ್ತ.’ ಸಾರಾಂಶದ ಕೊನೆಯ ವಾಕ್ಯದವರೆಗೆ ಓದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ. ಅದನ್ನೇ ತಿದ್ದಿ ಬರೆದರೆ ಹೀಗೆ ಬರಬಹುದು:

‘ದೆಹಲಿಯ ಬಾಲವಾಡಿಗಳಲ್ಲಿ ನಡೆದ ಯಾದೃಚ್ಛಿಕ ಪ್ರಯೋಗ. ನಿಯಮವಿರುವ, ದೊಡ್ಡವರು ನಡೆಸಿದ ಗುಂಪು ಆಟಗಳು; ಮಕ್ಕಳು ತಾವಾಗಿ ಹುಟ್ಟಿಸಿಕೊಂಡ ಆಟಗಳಲ್ಲ. ಗಣಿತದ ಆಟ ಆಡಿದವರನ್ನು ಬೇರೆ ಬಗೆಯ ಆಟ ಆಡಿದವರ ಜೊತೆಗೂ ಎಂದಿನಂತೆ ಕಲಿತವರ ಜೊತೆಗೂ ಹೋಲಿಸಲಾಗಿದೆ. ಇದು ಅಧ್ಯಯನದ ಬಲ. ಸಹಜ ಗಣಿತಪ್ರಜ್ಞೆಯಲ್ಲಿ ಬಾಳಿಕೆಯ ಪ್ರಗತಿ ಕಂಡಿದೆ, ಶಾಲಾ ಗಣಿತದ ಮುಂದಿನ ಕಲಿಕೆಯಲ್ಲಿ ಕಂಡಿಲ್ಲ. ಆಟದಲ್ಲಿ ಬಂದದ್ದು ತಾನಾಗಿ ಅಂಕಿಗಳಿಗೆ ದಾಟುವುದಿಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ. ನನ್ನ ತರಗತಿಯಲ್ಲಿ ಚುಕ್ಕೆ ಕಾರ್ಡಿನ ಆಟ ಆಡಿಸುವಾಗ ಚುಕ್ಕೆಯ ಪಕ್ಕದಲ್ಲಿ ಅಂಕಿಯನ್ನೂ ಅದರ ಹೆಸರನ್ನೂ ಜೋಡಿಸಿ ನೋಡುತ್ತೇನೆ. ಆ ಜೋಡಣೆ ಫಲ ಕೊಡುತ್ತದೆಯೇ ಎಂಬುದನ್ನು ಈ ಅಧ್ಯಯನ ಪರೀಕ್ಷಿಸಿಲ್ಲ.’

ಕೊನೆಯ ವಾಕ್ಯವನ್ನು ಗಮನಿಸಿ. ಲೇಖನ ಹೇಳಿದ್ದು ಎಲ್ಲಿಗೆ ಮುಗಿಯಿತು, ಓದಿದವರ ಊಹೆ ಎಲ್ಲಿಂದ ಶುರುವಾಯಿತು ಎಂಬ ಗೆರೆ ಅಲ್ಲಿದೆ.

ನಂಬಿಕೆಗೆ ತಣ್ಣೀರೆರಚುವ ಬರಹವೊಂದಾದರೂ ಪಟ್ಟಿಯಲ್ಲಿರಬೇಕು. ಆಂಜೆಲೀನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ನಲ್ಲಿ ಬರೆದ ಸಮೀಕ್ಷೆ ಅಂಥದ್ದು. ಅಡುಗೆ ಆಟ, ಡಾಕ್ಟರ್ ಆಟದಂಥ ನಟನೆಯ ಆಟಗಳಿಂದಲೇ ಮಕ್ಕಳ ಬುದ್ಧಿ, ಸೃಜನಶೀಲತೆ ಬೆಳೆಯುತ್ತದೆ ಎಂಬುದಕ್ಕೆ ಇದ್ದ ಪುರಾವೆಗಳನ್ನೆಲ್ಲ ಜಾಲಾಡಿದ ಅವರು, ಆ ಪುರಾವೆ ಗಟ್ಟಿಯಾಗಿಲ್ಲ ಎಂದರು. ಕೆಲವು ಹಳೆಯ ಪ್ರಯೋಗಗಳಲ್ಲಿ ಆಡಿಸಿದವರೇ ಪರೀಕ್ಷೆಯನ್ನೂ ಮಾಡಿದ್ದರು. ತಾವೇ ಆಡಿಸಿದ ಮಗುವಿಗೆ ತಾವೇ ಅಂಕ ಹಾಕಿದರೆ ಕೈ ಸ್ವಲ್ಪ ಧಾರಾಳವಾಗುವುದು ಸಹಜ. ಈ ಲೇಖನವನ್ನು ಮಾತ್ರ ಓದುಗರು ಎರಡೂ ಬದಿಗೆ ಎಳೆದಾಡುತ್ತಾರೆ. ಕೆಲವರು ಪಟ್ಟಿಯಿಂದಲೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ‘ಆಟದಿಂದ ಪ್ರಯೋಜನವಿಲ್ಲ ಎಂದು ತೋರಿಸಿದೆ’ ಎಂದು ಬರೆಯುತ್ತಾರೆ. ಲೇಖಕರು ಪ್ರಶ್ನಿಸಿದ್ದು ನಟನೆಯ ಆಟವೇ ಕಾರಣ ಎಂಬ ವಾದವನ್ನು. ಮಗು ತಾನೇ ಮುಂದಾಗಿ ಕೈಯಾರೆ ಮಾಡಿ ಕಲಿಯುವ ವಿಧಾನಗಳ ಪರವಾಗಿ ಅದೇ ಲೇಖನ ಒಳ್ಳೆಯ ಮಾತನ್ನೇ ಆಡುತ್ತದೆ.

ವರ್ಷಗಳ ಗೊಂದಲ ಬೇರೆ. ‘ವೈಗೋಟ್ಸ್ಕಿ, 1978’ ಎಂದು ಬರೆದು, ಕೆಳಗೆ ‘1978ರ ತಮ್ಮ ಸಂಶೋಧನೆಯಲ್ಲಿ ಅವರು ಕಂಡುಕೊಂಡಂತೆ’ ಎಂದು ಮುಂದುವರಿಸುವವರಿದ್ದಾರೆ. ಆತ ತೀರಿಕೊಂಡದ್ದು 1934ರಲ್ಲಿ. ಆಟದ ಬಗ್ಗೆ ಆತ ಲೆನಿನ್‌ಗ್ರಾಡ್‌ನಲ್ಲಿ ಉಪನ್ಯಾಸ ಕೊಟ್ಟದ್ದು 1933ರಲ್ಲಿ. ಅದು ರಷ್ಯನ್ ಭಾಷೆಯಲ್ಲಿ ಅಚ್ಚಾದದ್ದು 1966ರಲ್ಲಿ, ಇಂಗ್ಲಿಷಿಗೆ ಬಂದದ್ದು ಮರುವರ್ಷ. 1978ರ ಪುಸ್ತಕ ಬೇರೆಯವರು ಸಂಪಾದಿಸಿದ ಸಂಕಲನ. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗುವಿನ ಬಗ್ಗೆ ಆತ ಹೇಳಿದ್ದು ಒಂದು ಸಿದ್ಧಾಂತ. ಗುಂಪು ಮಾಡಿ ಹೋಲಿಸಿದ ಪ್ರಯೋಗವಲ್ಲ. ಟಿಪ್ಪಣಿ ಅಷ್ಟನ್ನು ಹೇಳಬೇಕು.

ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ಕ್ಕೂ ಇದೇ ಗತಿಯಾಗಿದೆ. ಭಾವನಗರದಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ನಿಜಕ್ಕೂ ದೊಡ್ಡವರು, ಪುಸ್ತಕವೂ ಸೊಗಸಾದದ್ದು. ಆದರೆ ಅದು ಕಥೆ. ಕಥೆಯ ಮೇಷ್ಟ್ರು ಪಾಠ ಮಾಡುವುದು ನಾಲ್ಕನೇ ತರಗತಿಗೆ. ಮೂರರಿಂದ ಆರು ವರ್ಷದವರ ಕಲಿಕೆಗೆ ಅದನ್ನು ಪುರಾವೆಯಾಗಿ ತೋರಿಸಲು ಬರುವುದಿಲ್ಲ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಪಟ್ಟಿಯಲ್ಲಿ ಇರಲೇಬೇಕು, ಆದರೆ ನೀತಿಯ ದಾಖಲೆಯಾಗಿ. ಮೂರರಿಂದ ಎಂಟು ವರ್ಷದವರಿಗೆ ಆಟವನ್ನು ನಡುವಿಗಿಟ್ಟು ಕಲಿಸಿ ಎಂದು ಅದು ಹೇಳುತ್ತದೆ. ಹೇಳಿದ್ದು ಫಲ ಕೊಟ್ಟಿತೇ ಎಂಬುದು ಬೇರೆ ಪ್ರಶ್ನೆ.

ಇಷ್ಟೆಲ್ಲ ಓದಿದವರು ನಮ್ಮ ಅಂಗನವಾಡಿಗೋ ಸರಕಾರಿ ಶಾಲೆಯ ಎಲ್‌ಕೆಜಿಗೋ ಹೋದಾಗ ಒಂದು ಮಗುವಿಗೆ ಒಬ್ಬ ದೊಡ್ಡವರು ಸಿಗುವುದಿಲ್ಲ. ಹಾಗಾಗಿ ಫಿಶರ್ ಲೇಖನದ ಟಿಪ್ಪಣಿಯಲ್ಲಿ ‘ಇದನ್ನು ನನ್ನ ತರಗತಿಯಲ್ಲಿ ಅಳವಡಿಸುತ್ತೇನೆ’ ಎಂದು ಬರೆದರೆ ಮೇಷ್ಟ್ರು ಕೆಂಪು ಗೀಟು ಹಾಕಬೇಕು. ಅಲ್ಲಿಂದ ತರಬಹುದಾದದ್ದು ಚಿಕ್ಕದು. ಗೋಡೆಯ ಚಾರ್ಟಿನಲ್ಲಿ ತ್ರಿಭುಜ ಎಂದರೆ ಸಾಮಾನ್ಯವಾಗಿ ಮೂರೂ ಬದಿ ಸಮವಾಗಿ, ತಳದ ಮೇಲೆ ನೆಟ್ಟಗೆ ಕೂತದ್ದೊಂದೇ ಇರುತ್ತದೆ. ಅದರ ಜೊತೆಗೆ ತಲೆಕೆಳಗಾದದ್ದು, ಪಕ್ಕಕ್ಕೆ ವಾಲಿದ್ದು, ಸೂಜಿಯಂತೆ ಸಣ್ಣಗಾದದ್ದು, ಮತ್ತೆ ಒಂದು ಮೂಲೆ ಕೂಡದೆ ಬಾಯಿ ಬಿಟ್ಟ ಸುಳ್ಳು ತ್ರಿಭುಜ, ಇಷ್ಟನ್ನು ರಟ್ಟಿನಲ್ಲಿ ಕತ್ತರಿಸಿ ನಾಲ್ಕೈದು ಮಕ್ಕಳ ಗುಂಪಿಗೆ ಕೊಟ್ಟು, ಇವುಗಳಲ್ಲಿ ಯಾವುದು ನಿಜ, ಯಾಕೆ ಎಂದು ಕೇಳಿ ಸುಮ್ಮನಿರಬೇಕು. ಉತ್ತರವನ್ನು ಟೀಚರ್ ಮೊದಲೇ ಹೇಳಿಬಿಟ್ಟರೆ ಅದು ಆ ಅಧ್ಯಯನದ ಎರಡನೇ ಗುಂಪಾಗುತ್ತದೆ. ರಟ್ಟು ಕೊಟ್ಟು ಹಾಜರಿ ಬರೆಯಲು ಹೋದರೆ ಮೂರನೆಯದು.