ಗರ್ಭಿಣಿಯ ಉದರಸ್ಪರ್ಶ: ಶಿಶುವಿನ ತಲೆ ಇಳಿದಿದೆಯೇ?

ಸೂಲಗಿತ್ತಿಯ ವಿದ್ಯೆ ಕಲಿಯುವ ಸಹೋದರಿಯರಿಗೆ ನಾವು ಮೊದಲು ಹೇಳುವುದು, ಗರ್ಭಿಣಿಯು ಮೂತ್ರ ವಿಸರ್ಜಿಸಿ ಬಂದ ಬಳಿಕವೇ ಹೊಟ್ಟೆಯನ್ನು ಮುಟ್ಟಬೇಕೆಂದು. ಆಕೆಯನ್ನು ಮಲಗಿಸಿ, ಮೊಣಕಾಲುಗಳನ್ನು ತುಸು ಮಡಿಸಿ, ಬೆಚ್ಚಗಿನ ಕೈಯಿಂದ ಮೆಲ್ಲನೆ ಒತ್ತತಕ್ಕದ್ದು. ಬೆರಳ ತುದಿಯಿಂದ ಚುಚ್ಚಿದರೆ ಹೊಟ್ಟೆ ಬಿಗಿಯುತ್ತದೆ, ಏನೂ ತಿಳಿಯದು.

ಗರ್ಭಕೋಶದ ಮೇಲ್ತುದಿಯಲ್ಲಿ ಮೆತ್ತಗೆ, ಅಗಲವಾಗಿ ಸಿಗುವುದು ಶಿಶುವಿನ ಪೃಷ್ಠ. ಗಟ್ಟಿಯಾಗಿ, ದುಂಡಗೆ, ಮೈಯನ್ನು ಬಿಟ್ಟು ತಾನೊಂದೇ ಅಲುಗುವುದು ತಲೆ. ಬಳಿಕ ಪಾರ್ಶ್ವಗಳು: ಒಂದೆಡೆ ಬೆನ್ನು ನಯವಾಗಿ ಉದ್ದಕ್ಕೆ ಸಿಕ್ಕರೆ, ಇನ್ನೊಂದೆಡೆ ಕೈಕಾಲುಗಳು ಗಂಟುಗಂಟಾಗಿ ತಾಗುವುವು. ಕಡೆಗೆ ಆಕೆಯ ಪಾದಗಳತ್ತ ಮುಖಮಾಡಿ ನಿಂತು, ಕೆಳಹೊಟ್ಟೆಯ ಇಕ್ಕೆಲಗಳಿಂದ ಬೆರಳುಗಳನ್ನು ಕೆಳಕ್ಕಿಳಿಸಬೇಕು. ತಲೆಯನ್ನು 5 ಪಾಲೆಂದು ಭಾವಿಸಿ, ಕಿಬ್ಬೊಟ್ಟೆಯ ಎಲುಬಿನ ಮೇಲೆ ಎಷ್ಟು ಪಾಲು ಕೈಗೆ ಸಿಗುವುದೆಂದು ನೋಡುವುದು. 2 ಅಥವಾ ಅದಕ್ಕೂ ಕಡಿಮೆಯಾದರೆ ತಲೆ ಶ್ರೋಣಿಯಲ್ಲಿ ನೆಲೆಗೊಂಡಿದೆ.

38 ವಾರಗಳ ಚೊಚ್ಚಲ ಗರ್ಭಿಣಿಯೊಬ್ಬಳಲ್ಲಿ ವಿದ್ಯಾರ್ಥಿನಿಯು 3 ಪಾಲು ಎಂದಳು. ಮೂತ್ರಕೋಶ ತುಂಬಿತ್ತು, ಬರಿದಾದ ಮೇಲೆ ಅವಳ ಕೈಗೇ 2 ಪಾಲು ಸಿಕ್ಕಿತು. ತುಂಬಿದ ಮೂತ್ರಕೋಶ ತಲೆಯನ್ನು ಮೇಲಕ್ಕೇ ತಡೆಯುತ್ತದೆ. ಬರಿದಾದ ಮೇಲೂ ತಲೆ ಇಳಿಯದಿದ್ದರೆ, ಅಥವಾ ಮೇಲ್ತುದಿಯಲ್ಲಿಯೇ ತಲೆ ಸಿಕ್ಕರೆ, ಕೈಯನ್ನೇ ನಂಬಿ ಕೂರದೆ ಸ್ಕ್ಯಾನಿಂಗ್‌ಗೆ ಕಳುಹಿಸತಕ್ಕದ್ದು. ರಕ್ತಸ್ರಾವವಿದ್ದಲ್ಲಿ ಒತ್ತಿ ನೋಡುವ ಗೋಜಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.